ಹತ್ತು ಮಂದಿಯ ನಿದ್ದೆ, ದೂರ ನಿಂತ ಒಂದು ಚುಕ್ಕಿ: ನಾರ್ಮಾಲಿಟಿ ಪರೀಕ್ಷೆಯನ್ನು ಎಷ್ಟು ನಂಬಬೇಕು?

ಕಳೆದ ಸೆಮಿಸ್ಟರ್‌ನ ಕೊನೆಯ ವಾರ. ನಮ್ಮ ಸಂಘದ ಶನಿವಾರದ ಓದಿನ ಕೂಟಕ್ಕೆ ಗೆಳತಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಅವಳ ಎಂ.ಎಸ್. ಪ್ರಬಂಧದಲ್ಲಿ 12 ಜನ ಒಂದೇ ಕೆಲಸವನ್ನು ಎರಡು ಬಗೆಯ ಸ್ಕ್ರೀನ್‌ಗಳಲ್ಲಿ ಮಾಡಿದ್ದರು, ಅವಳು ಪ್ರತಿಯೊಬ್ಬರ ಸಮಯ ಅಳೆದಿದ್ದಳು. ಟಿ-ಟೆಸ್ಟ್ ಮಾಡುವ ಮುಂಚೆ ನಾರ್ಮಾಲಿಟಿ ನೋಡು ಅಂತ ಯಾರೋ ಹೇಳಿದ್ದರು. ನೋಡಿದಳು. ಶಪಿರೋ-ವಿಲ್ಕ್ ಟೆಸ್ಟ್‌ನ ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂತು. ಹನ್ನೊಂದು ಜನರ ಸಮಯ ಒಂದು ಕಡೆ ಇತ್ತು, ಹನ್ನೆರಡನೆಯವರದ್ದು ಮಾತ್ರ ದೂರ. "ಆ ಒಬ್ಬರನ್ನ ತೆಗೆದುಬಿಟ್ರೆ ಟೆಸ್ಟ್ ಪಾಸ್ ಆಗುತ್ತೆ ಕಣ್ರೋ, ತೆಗೆದುಬಿಡ್ಲಾ?" ಅಂತ ಕೇಳಿದಳು. ಸಲ್ಲಿಸೋಕೆ ಉಳಿದಿದ್ದು ಒಂಬತ್ತು ದಿನ.

ನಮ್ಮಲ್ಲಿ ಯಾರಿಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. ಅವಳ ದತ್ತಾಂಶವನ್ನು ಹಾಗೇ ಬದಿಗಿಟ್ಟು, ಎಲ್ಲರಿಗೂ ಸಿಗುವ ಒಂದು ಹಳೆಯ ದತ್ತಾಂಶವನ್ನು ಕೈಗೆತ್ತಿಕೊಂಡೆವು. ಆ ಸಂಜೆ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇವೆ. ನಿಮ್ಮ ಬಳಿ ಆರ್ ಇದ್ದರೆ ಜೊತೆಜೊತೆಗೇ ಮಾಡಿ ನೋಡಿ. ಇಲ್ಲದಿದ್ದರೂ ಹೆಚ್ಚಿನದ್ದನ್ನು ಕ್ಯಾಲ್ಕುಲೇಟರ್‌ನಲ್ಲೇ ಮಾಡಬಹುದು.

ದತ್ತಾಂಶ ಎಲ್ಲಿಯದು?

1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಒಂದು ಲೇಖನ ಬಂತು. ಬರೆದವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಸೀಲಿ ಗಾಸೆಟ್. ಇವತ್ತು ನಾವೆಲ್ಲ ಬಳಸುವ ಟಿ-ಟೆಸ್ಟ್ ಹುಟ್ಟಿದ್ದು ಆ ಲೇಖನದಿಂದ. ಅದರಲ್ಲಿ ಉದಾಹರಣೆಯಾಗಿ ಅವರು ಬಳಸಿದ್ದು ಕುಶ್ನಿ ಮತ್ತು ಪೀಬಲ್ಸ್ 1905ರಲ್ಲಿ ಪ್ರಕಟಿಸಿದ್ದ ನಿದ್ದೆಯ ಅಳತೆಗಳನ್ನು. ಹತ್ತು ರೋಗಿಗಳಿಗೆ ಎರಡು ಔಷಧಿ ಕೊಟ್ಟು, ಯಾವುದರಿಂದ ಎಷ್ಟು ಗಂಟೆ ಹೆಚ್ಚು ನಿದ್ದೆ ಬಂತು ಅಂತ ಅಳೆದಿದ್ದರು. ಆರ್‌ನಲ್ಲಿ ಇದು `sleep` ಎಂಬ ಹೆಸರಲ್ಲಿ ಇವತ್ತಿಗೂ ಇದೆ.

ಪ್ರತಿಯೊಬ್ಬ ರೋಗಿಗೂ ಎರಡು ಸಂಖ್ಯೆಗಳಿವೆ. ಎರಡನೇ ಔಷಧಿಯ ಸಂಖ್ಯೆಯಿಂದ ಮೊದಲನೆಯದನ್ನು ಕಳೆದರೆ ಸಿಗುವ ಹತ್ತು ವ್ಯತ್ಯಾಸಗಳು, ಗಂಟೆಗಳಲ್ಲಿ, ಇವು:

```r
d <- c(1.2, 2.4, 1.3, 1.3, 0.0, 1.0, 1.8, 0.8, 4.6, 1.4)
```

ಸರಾಸರಿ 1.58 ಗಂಟೆ. ಸ್ಟ್ಯಾಂಡರ್ಡ್ ಡೀವಿಯೇಶನ್ 1.23. ಒಂಬತ್ತು ಜನರ ವ್ಯತ್ಯಾಸ 0 ಮತ್ತು 2.4ರ ನಡುವೆ ಇದೆ, ಒಬ್ಬರದ್ದು ಮಾತ್ರ 4.6. ನಮ್ಮ ಗೆಳತಿಯ ಕಥೆಯೇ ಇಲ್ಲೂ ಇದೆ ಅನ್ನೋದು ಆಗಲೇ ಕಾಣಿಸಿತು.

ಯಾವುದು ನಾರ್ಮಲ್ ಆಗಿರಬೇಕು?

ಮೊದಲ ತಪ್ಪು ಇಲ್ಲೇ ಆಗುತ್ತದೆ. ನಮ್ಮಲ್ಲಿ ಇಬ್ಬರು ಮೊದಲನೇ ಔಷಧಿಯ ಹತ್ತು ಸಂಖ್ಯೆಗಳಿಗೆ ಒಂದು ಟೆಸ್ಟ್, ಎರಡನೆಯದರ ಹತ್ತಕ್ಕೆ ಇನ್ನೊಂದು ಟೆಸ್ಟ್ ಮಾಡಿದರು. ಪಿ-ವ್ಯಾಲ್ಯೂ 0.41 ಮತ್ತು 0.35 ಬಂದವು. "ಎಲ್ಲಾ ಸರಿಯಾಗೇ ಇದೆಯಲ್ಲ!" ಅಂದರು.

ಆದರೆ ಜೋಡಿ ಟಿ-ಟೆಸ್ಟ್ ಆ ಇಪ್ಪತ್ತು ಸಂಖ್ಯೆಗಳನ್ನು ಬಿಡಿಬಿಡಿಯಾಗಿ ನೋಡುವುದೇ ಇಲ್ಲ. ಅದು ನೋಡುವುದು ಹತ್ತು ವ್ಯತ್ಯಾಸಗಳನ್ನು. ನಾರ್ಮಲ್ ಅನ್ನುವ ಊಹೆ ಇರುವುದು ಆ ವ್ಯತ್ಯಾಸಗಳ ಮೇಲೆ. ಎರಡು ಬೇರೆ ಬೇರೆ ಗುಂಪುಗಳನ್ನು ಹೋಲಿಸುವಾಗ ಊಹೆ ಇರುವುದು ಪ್ರತಿ ಗುಂಪಿನ ಒಳಗೆ. ರಿಗ್ರೆಶನ್ ಆದರೆ ಗೆರೆ ಎಳೆದ ಮೇಲೆ ಉಳಿಯುವ ಶೇಷಗಳ ಮೇಲೆ, ಅಂದ್ರೆ ರೆಸಿಡ್ಯುಯಲ್‌ಗಳ ಮೇಲೆ. ಎರಡು ಗುಂಪುಗಳನ್ನು ಒಟ್ಟಿಗೆ ಸುರಿದು ಚಿತ್ರ ಬರೆದರೆ ಎರಡು ಗುಡ್ಡ ಕಾಣಿಸಬಹುದು, ಅದು ಗುಂಪುಗಳ ನಡುವಿನ ವ್ಯತ್ಯಾಸವೇ ಹೊರತು ದೋಷ ಅಲ್ಲ. ಹಾಗಾಗಿ ಪ್ಲಾಟ್ ಹಾಕುವ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳಬೇಕು: ನಾನು ಬಳಸುವ ಲೆಕ್ಕ ಯಾವುದನ್ನು ನಾರ್ಮಲ್ ಅಂತ ಊಹಿಸುತ್ತೆ?

ಹಿಸ್ಟೋಗ್ರಾಮ್: ಡಬ್ಬಿ ಬದಲಾದರೆ ಚಿತ್ರವೂ ಬದಲು

ವ್ಯತ್ಯಾಸಗಳ ಹಿಸ್ಟೋಗ್ರಾಮ್ ಹಾಕೋಣ. `hist(d)` ಅಂದರೆ ಆರ್ ತಾನಾಗಿಯೇ ಒಂದೊಂದು ಗಂಟೆಯ ಐದು ಡಬ್ಬಿ ಮಾಡುತ್ತದೆ. ಅವುಗಳಲ್ಲಿ ಕ್ರಮವಾಗಿ 3, 5, 1, 0, 1 ಜನ ಬೀಳುತ್ತಾರೆ. ನಡುವೆ ಎತ್ತರ, ಬಲಗಡೆ ಒಂದು ಬಾಲ. ಈಗ ಡಬ್ಬಿಯ ಅಗಲವನ್ನು ಎರಡು ಗಂಟೆ ಮಾಡಿ. 8, 1, 1 ಆಗುತ್ತದೆ. ಈಗ ಅದು ಎಡದಿಂದ ಬಲಕ್ಕೆ ಜಾರುವ ಇಳಿಜಾರು, ಗುಡ್ಡವೇ ಮಾಯ. ಅರ್ಧ ಗಂಟೆ ಮಾಡಿದರೆ 1, 2, 4, 1, 1, ಆಮೇಲೆ ನಾಲ್ಕು ಖಾಲಿ ಡಬ್ಬಿ, ಕೊನೆಗೆ 1. ಇದರಲ್ಲಿ ಒಂದು ಅಚ್ಚುಕಟ್ಟಾದ ಗಂಟೆಯ ಆಕಾರ, ಪಕ್ಕದಲ್ಲಿ ಒಂದು ಒಂಟಿ ಕಂಬ.

ಒಂದೇ ದತ್ತಾಂಶ, ಮೂರು ಚಿತ್ರ. ಹತ್ತು ಸಂಖ್ಯೆಗಳಿಂದ ಆಕಾರ ತಿಳಿಯುವ ಭಾರವನ್ನು ಹಿಸ್ಟೋಗ್ರಾಮ್ ಹೊರಲಾರದು. ನೂರಾರು ಸಂಖ್ಯೆಗಳಿದ್ದಾಗ ಎರಡು ಗುಡ್ಡ ಇವೆಯಾ, ಸೊನ್ನೆಯಲ್ಲಿ ರಾಶಿ ಬಿದ್ದಿದೆಯಾ, ಯಾರೋ 5.2 ಬದಲು 52 ಟೈಪ್ ಮಾಡಿದ್ದಾರಾ ಅಂತ ನೋಡಲು ಅದು ಒಳ್ಳೆಯದು. ಸಂಖ್ಯೆ ಕಡಿಮೆ ಇದ್ದರೆ ಬರೀ ಚುಕ್ಕಿಗಳನ್ನು ಒಂದು ಗೆರೆಯ ಮೇಲೆ ಇಟ್ಟು ನೋಡುವುದೇ ಮೇಲು. `stripchart(d, method = "stack")` ಅಷ್ಟೇ ಸಾಕು.

ಕ್ಯು-ಕ್ಯು ಪ್ಲಾಟ್: ಕೈಯಲ್ಲೇ ಒಂದು ಸಲ ಮಾಡಿ

ಕ್ಯು-ಕ್ಯು ಪ್ಲಾಟ್‌ನಲ್ಲಿ ಡಬ್ಬಿ ಇಲ್ಲ, ಪ್ರತಿ ಸಂಖ್ಯೆಗೂ ಅದರದ್ದೇ ಒಂದು ಚುಕ್ಕಿ. ಅದರ ಹಿಂದಿನ ಯೋಚನೆ ಸರಳ. ಹತ್ತು ಜನರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ ಹಾಗೆ, ಮೊದಲು ವ್ಯತ್ಯಾಸಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ: 0, 0.8, 1.0, 1.2, 1.3, 1.3, 1.4, 1.8, 2.4, 4.6. ಈಗ ಕೇಳಿ, ನಾರ್ಮಲ್ ವಿತರಣೆಯಿಂದ ಹತ್ತು ಸಂಖ್ಯೆ ತೆಗೆದರೆ ಅತಿ ಚಿಕ್ಕದು ಸುಮಾರು ಎಲ್ಲಿರುತ್ತದೆ, ಎರಡನೆಯದು ಎಲ್ಲಿ? ಆರ್ ಕೊಡುವ ಉತ್ತರ −1.55, −1.00, −0.66, −0.38, −0.12, ಆಮೇಲೆ ಅವೇ ಐದು ಸಂಖ್ಯೆಗಳು ಧನ ಚಿಹ್ನೆಯೊಂದಿಗೆ, ಉಲ್ಟಾ ಕ್ರಮದಲ್ಲಿ. ಇವನ್ನು ಅಡ್ಡಗೆರೆಯ ಮೇಲೆ, ನಮ್ಮ ಸಂಖ್ಯೆಗಳನ್ನು ನಿಲುವುಗೆರೆಯ ಮೇಲೆ ಇಟ್ಟು ಚುಕ್ಕಿ ಹಾಕಿದರೆ ಪ್ಲಾಟ್ ಮುಗಿಯಿತು. ದತ್ತಾಂಶ ನಾರ್ಮಲ್ ಆಗಿದ್ದರೆ ಚುಕ್ಕಿಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಬರುತ್ತವೆ.

```r
qqnorm(d); qqline(d)
```

`qqline` ಎಳೆಯುವ ಗೆರೆ ದತ್ತಾಂಶದ ಕಾಲು ಮತ್ತು ಮುಕ್ಕಾಲು ಬಿಂದುಗಳ ಮೂಲಕ ಹೋಗುತ್ತದೆ. ಇಲ್ಲಿ ಆ ಬಿಂದುಗಳು 1.05 ಮತ್ತು 1.70. ಅಂದ್ರೆ ಗೆರೆ ಯಾವ ಕಡೆಗಿರಬೇಕು ಅಂತ ಹೇಳುವುದು ನಡುವಿನ ಜನ, ತುದಿಯವರಲ್ಲ. ಆ ಗೆರೆಯ ಪ್ರಕಾರ ಅತಿ ದೊಡ್ಡ ಸಂಖ್ಯೆ ಸುಮಾರು 2.1 ಇರಬೇಕಿತ್ತು, ಇರುವುದು 4.6. ಅದರ ಹಿಂದಿನದು 1.9 ಇರಬೇಕಿತ್ತು, ಇರುವುದು 2.4. ಅತಿ ಚಿಕ್ಕದು 0.6 ಇರಬೇಕಿತ್ತು, ಇರುವುದು 0. ಉಳಿದವು ಗೆರೆಗೆ ಅಂಟಿಕೊಂಡೇ ಇವೆ.

ಬಲ ತುದಿ ಗೆರೆಯ ಮೇಲಕ್ಕೆ, ಎಡ ತುದಿ ಗೆರೆಯ ಕೆಳಕ್ಕೆ ಹೋದರೆ ಬಾಲಗಳು ದಪ್ಪ ಅಂತ ಅರ್ಥ. ಎರಡೂ ತುದಿ ಗೆರೆಯ ಮೇಲಕ್ಕೇ ಬಾಗಿ ಬಟ್ಟಲಿನ ಹಾಗೆ ಕಂಡರೆ ಬಲಕ್ಕೆ ಓರೆ. ಚುಕ್ಕಿಗಳು ಮೆಟ್ಟಿಲಿನ ಹಾಗೆ ಕಂಡರೆ ಅಳತೆಯನ್ನು ಪೂರ್ಣಾಂಕಕ್ಕೆ ತಿದ್ದಿ ಬರೆದಿದ್ದಾರೆ ಅಷ್ಟೇ, ಅದಕ್ಕೆ ಹೆದರಬೇಕಿಲ್ಲ.

ಆದರೆ ಎಷ್ಟು ಬಾಗಿದರೆ ಜಾಸ್ತಿ? ನಿಜವಾಗಿ ನಾರ್ಮಲ್ ಆಗಿರುವ ಹತ್ತು ಸಂಖ್ಯೆಗಳ ಪ್ಲಾಟ್ ಕೂಡ ಸಾಕಷ್ಟು ಓಲಾಡುತ್ತದೆ. ಇದಕ್ಕೆ ನಾವು ಒಂದು ಆಟ ಆಡಿದೆವು. ಎಂಟು ಪ್ಲಾಟ್‌ಗಳನ್ನು ಕಂಪ್ಯೂಟರ್ ನಾರ್ಮಲ್ ವಿತರಣೆಯಿಂದ ಮಾಡುತ್ತದೆ, ಅವುಗಳ ನಡುವೆ ಎಲ್ಲೋ ನಮ್ಮ ನಿಜವಾದ ದತ್ತಾಂಶವನ್ನು ಬಚ್ಚಿಡುತ್ತದೆ. ದತ್ತಾಂಶವನ್ನೇ ನೋಡಿರದ ಒಬ್ಬರನ್ನು ಕರೆದು, "ಇದರಲ್ಲಿ ಬೇರೆ ಥರ ಇರೋದು ಯಾವುದು?" ಅಂತ ಕೇಳಬೇಕು.

```r
k <- sample(9, 1)
par(mfrow = c(3, 3))
for (i in 1:9) {
  y <- if (i == k) d else rnorm(10, mean(d), sd(d))
  qqnorm(y, main = i); qqline(y)
}
```

ಉತ್ತರ `k`ಯಲ್ಲಿ ಇರುತ್ತದೆ. ನಮ್ಮ ಕೂಟದ ಪಕ್ಕದ ಮೇಜಿನಲ್ಲಿ ಕೂತಿದ್ದ ಹುಡುಗ ಒಂದೇ ನೋಟಕ್ಕೆ ಸರಿಯಾದದ್ದನ್ನು ತೋರಿಸಿದ. ಅಂದ್ರೆ 4.6 ನಿಜಕ್ಕೂ ಎದ್ದು ಕಾಣುತ್ತಿದೆ, ನಮ್ಮ ಕಣ್ಣಿನ ಭ್ರಮೆ ಅಲ್ಲ. ಆದರೆ ಅವನು "ಇದೂ, ಇದೂ ಸ್ವಲ್ಪ ಸೊಟ್ಟಗಿದೆ" ಅಂತ ಇನ್ನೆರಡನ್ನು ತೋರಿಸಿದ. ಅವೆರಡೂ ಅಪ್ಪಟ ನಾರ್ಮಲ್! ಸ್ವಲ್ಪ ಸೊಟ್ಟ ಇದ್ದರೆ ಸುಮ್ಮನಿರಬೇಕು ಅನ್ನುವುದನ್ನು ಈ ಆಟ ಚೆನ್ನಾಗಿ ಕಲಿಸುತ್ತದೆ.

ಶಪಿರೋ-ವಿಲ್ಕ್ ಏನಂತು?

`shapiro.test(d)` ಕೊಟ್ಟ ಉತ್ತರ: W = 0.83, ಪಿ-ವ್ಯಾಲ್ಯೂ 0.033. ಈ W ಅನ್ನುವುದು ಕ್ಯು-ಕ್ಯು ಪ್ಲಾಟ್ ಎಷ್ಟು ನೇರವಾಗಿದೆ ಅನ್ನುವುದರ ಅಳತೆ ಅಂತ ತಿಳಿದುಕೊಳ್ಳಬಹುದು. 1ಕ್ಕೆ ಹತ್ತಿರ ಇದ್ದಷ್ಟೂ ನೇರ. ಹತ್ತು ಸಂಖ್ಯೆಗಳಿದ್ದಾಗ W 0.842ಕ್ಕಿಂತ ಕೆಳಗಿಳಿದರೆ ಪಿ-ವ್ಯಾಲ್ಯೂ 0.05ಕ್ಕಿಂತ ಕೆಳಗಿಳಿಯುತ್ತದೆ.

ಇಲ್ಲಿ ನಾವೆಲ್ಲ ಒಂದು ಕ್ಷಣ ಮುಖ ಮುಖ ನೋಡಿಕೊಂಡೆವು. ಟಿ-ಟೆಸ್ಟ್ ಹುಟ್ಟಿದ ಲೇಖನದ ಉದಾಹರಣೆಯೇ ನಾರ್ಮಾಲಿಟಿ ಟೆಸ್ಟ್‌ನಲ್ಲಿ ಫೇಲ್! 4.6 ಅನ್ನು ಬಿಟ್ಟು ಉಳಿದ ಒಂಬತ್ತಕ್ಕೆ ಲೆಕ್ಕ ಹಾಕಿದರೆ W 0.96ಕ್ಕೆ ಏರುತ್ತದೆ, ಯಾವ ತಕರಾರೂ ಇಲ್ಲ. ಅಂದ್ರೆ ಇಡೀ ಫೇಲ್‌ಗೆ ಕಾರಣ ಒಬ್ಬ ರೋಗಿ.

ಹಾಗಾದರೆ ಗಾಸೆಟ್ ಲೆಕ್ಕ ತಪ್ಪಾ? ಇದಕ್ಕೆ ಉತ್ತರ ಶಪಿರೋ-ವಿಲ್ಕ್ ಬಳಿ ಇಲ್ಲ. ಅದು ಹೇಳುವುದು "ನಾರ್ಮಲ್ ಅಲ್ಲ ಅನ್ನಲು ಪುರಾವೆ ಇದೆ" ಅಂತ ಮಾತ್ರ. ಇದರಿಂದ ನಿಮ್ಮ ತೀರ್ಮಾನ ಕೆಡುತ್ತದಾ ಅನ್ನುವ ಪ್ರಶ್ನೆಯನ್ನು ಅದು ಕೇಳಿಯೇ ಇಲ್ಲ. ಅದನ್ನು ನಾವೇ ಕೇಳಬೇಕು.

ತೀರ್ಮಾನ ಬದಲಾಗುತ್ತಾ? ಲೆಕ್ಕ ಹಾಕಿ ನೋಡೋಣ

ಮೊದಲು ಮಾಮೂಲಿ ಜೋಡಿ ಟಿ-ಟೆಸ್ಟ್. 1.23ನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ 0.389. 1.58ನ್ನು ಅದರಿಂದ ಭಾಗಿಸಿದರೆ t = 4.06. ಪಿ-ವ್ಯಾಲ್ಯೂ 0.0028. ಸರಾಸರಿ ವ್ಯತ್ಯಾಸದ 95% ಅಂತರ 0.70ರಿಂದ 2.46 ಗಂಟೆ.

ಈಗ ನಾರ್ಮಲ್ ಅನ್ನುವ ಊಹೆಯೇ ಬೇಡದ ಒಂದು ಲೆಕ್ಕ. ಎರಡು ಔಷಧಿಗಳಲ್ಲಿ ಏನೂ ಭೇದ ಇಲ್ಲದಿದ್ದರೆ, ಒಬ್ಬ ರೋಗಿಯ ವ್ಯತ್ಯಾಸ +1.2 ಬರುವುದೂ −1.2 ಬರುವುದೂ ಒಂದೇ. ಹಾಗಾದರೆ ಹತ್ತು ಜನರ ಚಿಹ್ನೆಗಳನ್ನು 1024 ರೀತಿಯಲ್ಲಿ ತಿರುಗಿಸಬಹುದು. ಅವುಗಳಲ್ಲಿ ಎಷ್ಟರಲ್ಲಿ ಮೊತ್ತ ನಮಗೆ ಸಿಕ್ಕ 15.8ರಷ್ಟು ದೂರ ಹೋಗುತ್ತದೆ? ನಮ್ಮಲ್ಲಿ ಯಾರದ್ದೂ ಋಣ ಇಲ್ಲ, ಹಾಗಾಗಿ ಎಲ್ಲವೂ ಧನ ಅಥವಾ ಎಲ್ಲವೂ ಋಣ ಆದಾಗ ಮಾತ್ರ. ಸೊನ್ನೆ ಇರುವ ರೋಗಿಯ ಚಿಹ್ನೆ ಯಾವುದಾದರೂ ನಡೆಯುತ್ತದೆ, ಆದ್ದರಿಂದ ಒಟ್ಟು ನಾಲ್ಕು. 1024ರಲ್ಲಿ 4 ಅಂದರೆ 0.0039. ಟಿ-ಟೆಸ್ಟ್ ಹೇಳಿದ 0.0028ಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ಅಂತರ ಇಲ್ಲ. ವಿಲ್ಕಾಕ್ಸನ್ ಟೆಸ್ಟ್ ಮಾಡಿದರೆ 0.009. ಮೂರೂ ಒಂದೇ ಮಾತು ಹೇಳುತ್ತಿವೆ.

ಮೂರನೆಯದು ನಮ್ಮ ಗೆಳತಿಯ ಪ್ರಶ್ನೆ: 4.6 ಅನ್ನು ತೆಗೆದುಬಿಟ್ಟರೆ? ಸರಾಸರಿ 1.58ರಿಂದ 1.24ಕ್ಕೆ ಇಳಿಯುತ್ತದೆ. ಹಾಗಾಗಿ t ಕೂಡ ಇಳಿಯಬೇಕು ಅಂತ ನಾವು ಅಂದುಕೊಂಡೆವು. ಇಳಿಯಲಿಲ್ಲ, 4.06ರಿಂದ 5.66ಕ್ಕೆ ಏರಿತು! ಯಾಕೆಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ 1.23ರಿಂದ 0.66ಕ್ಕೆ, ಹೆಚ್ಚುಕಡಿಮೆ ಅರ್ಧಕ್ಕೆ ಬಿದ್ದಿತ್ತು. ದೂರ ನಿಂತ ಒಂದು ಚುಕ್ಕಿ ಸರಾಸರಿಯನ್ನು ತನ್ನ ಕಡೆ ಸ್ವಲ್ಪ ಎಳೆಯುತ್ತದೆ, ಹರವನ್ನು ಅದಕ್ಕಿಂತ ಜೋರಾಗಿ ಎಳೆಯುತ್ತದೆ. ಅದಕ್ಕೇ ಬಾಲ ದಪ್ಪ ಇದ್ದಾಗ ಟಿ-ಟೆಸ್ಟ್ ಸಾಮಾನ್ಯವಾಗಿ ಇಲ್ಲದ್ದನ್ನು ಇದೆ ಅನ್ನುವುದಿಲ್ಲ. ಇರುವುದನ್ನು ಕಾಣದೆ ಹೋಗುವ ಅಪಾಯವೇ ಅಲ್ಲಿ ಹೆಚ್ಚು.

ಇದರಲ್ಲೇ ಗೆಳತಿಗೆ ಒಂದು ಎಚ್ಚರಿಕೆಯೂ ಇತ್ತು. ಆ ಒಬ್ಬರನ್ನು ತೆಗೆದರೆ ಅವಳ ಪಿ-ವ್ಯಾಲ್ಯೂ ಇನ್ನೂ ಚಂದ ಆಗುವ ಸಾಧ್ಯತೆಯೇ ಹೆಚ್ಚು. ಅಂದ್ರೆ ನಾರ್ಮಾಲಿಟಿಯ ಹೆಸರಲ್ಲಿ ತನಗೆ ಅನುಕೂಲವಾದದ್ದನ್ನೇ ಮಾಡಿದ ಹಾಗಾಗುತ್ತದೆ, ಅವಳಿಗೆ ಗೊತ್ತಿಲ್ಲದೇ.

ಕೊನೆಗೆ ನಾಲ್ಕನೆಯ ಲೆಕ್ಕ. ಅದೇ ಹತ್ತು ರೋಗಿಗಳನ್ನು ಇಪ್ಪತ್ತು ಬೇರೆ ಬೇರೆ ಜನ ಅಂದುಕೊಂಡು, ಜೋಡಿಯನ್ನು ಮರೆತು ಎರಡು ಗುಂಪಿನ ಟಿ-ಟೆಸ್ಟ್ ಮಾಡಿದರೆ? ಪಿ-ವ್ಯಾಲ್ಯೂ 0.0028ರಿಂದ 0.079ಕ್ಕೆ ಹಾರುತ್ತದೆ. ತೀರ್ಮಾನವೇ ಬದಲು. ಮಜಾ ಏನೆಂದರೆ, ಈ ತಪ್ಪು ದಾರಿಯಲ್ಲಿ ನಾರ್ಮಾಲಿಟಿ ಟೆಸ್ಟ್‌ಗಳು 0.41, 0.35 ಅಂತ ಹಸಿರು ದೀಪ ತೋರಿಸುತ್ತವೆ. ನಾರ್ಮಲ್ ಅಲ್ಲದಿರುವುದು ಉತ್ತರವನ್ನು ಕೂದಲೆಳೆಯಷ್ಟು ಅಲುಗಿಸಿತು, ಯಾವ ಅಳತೆ ಯಾರಿಗೆ ಸೇರಿದ್ದು ಅನ್ನುವುದನ್ನು ಮರೆತದ್ದು ಉತ್ತರವನ್ನೇ ಬೀಳಿಸಿತು.

ಹಾಗಂತ ಯಾವತ್ತೂ ಚಿಂತೆ ಬೇಡವಾ?

ಹಾಗಲ್ಲ. ನಿಜವಾಗಿ ಕೆಡಿಸುವುದು ಓರೆ, ಅದೂ ಸಂಖ್ಯೆಗಳು ಕಡಿಮೆ ಇದ್ದಾಗ. ಬಸ್ಸಿಗೆ ಕಾಯುವ ಸಮಯ, ಆಸ್ಪತ್ರೆಯ ಬಿಲ್ಲು, ಸಂಬಳ ಇವೆಲ್ಲ ಒಂದೇ ಕಡೆಗೆ ಉದ್ದ ಬಾಲ ಇರುವಂಥವು. ಇದನ್ನು ಅಳೆಯಲು ನಾವು ಎಕ್ಸ್‌ಪೊನೆನ್ಶಿಯಲ್ ವಿತರಣೆಯಿಂದ ಹತ್ತು ಹತ್ತು ಸಂಖ್ಯೆ ತೆಗೆದು, ನಿಜವಾದ ಸರಾಸರಿ 1 ಅಂತ ಗೊತ್ತಿದ್ದೂ, "ಸರಾಸರಿ 1 ಹೌದಾ?" ಅಂತ ಟಿ-ಟೆಸ್ಟ್‌ಗೆ ಹತ್ತು ಸಾವಿರ ಸಲ ಕೇಳಿದೆವು.

```r
p <- replicate(10000, t.test(rexp(10), mu = 1)$p.value)
mean(p < 0.05)
```

100ರಲ್ಲಿ 5 ಸಲ ತಪ್ಪಬೇಕಾದದ್ದು ಸುಮಾರು 10 ಸಲ ತಪ್ಪುತ್ತದೆ. ಅಂದ್ರೆ 95% ಅಂತ ಬರೆದುಕೊಳ್ಳುವ ಅಂತರ ನಿಜದಲ್ಲಿ 90%. ಆದರೆ ಅದೇ ಓರೆಯ ಎರಡು ಸಮಾನ ಗುಂಪುಗಳನ್ನು ಹೋಲಿಸಿ ನೋಡಿ, `t.test(rexp(10), rexp(10))` ಅಂತ. ತಪ್ಪು 5ರ ಹತ್ತಿರ, ಸ್ವಲ್ಪ ಕೆಳಗೇ ಉಳಿಯುತ್ತದೆ. ಎರಡೂ ಗುಂಪು ಒಂದೇ ಕಡೆಗೆ ಓರೆ ಇದ್ದಾಗ, ಕಳೆಯುವಾಗ ಒಂದರ ಓರೆಯನ್ನು ಇನ್ನೊಂದು ಹೊಡೆದುಹಾಕುತ್ತದೆ. ಗುಂಪುಗಳ ಗಾತ್ರ ಬೇರೆ ಬೇರೆ ಆದರೆ ಈ ಅನುಕೂಲ ಕಡಿಮೆಯಾಗುತ್ತದೆ.

ಈಗ ಇದೇ ಹತ್ತು ಹತ್ತು ಓರೆ ಸಂಖ್ಯೆಗಳನ್ನು ಶಪಿರೋ-ವಿಲ್ಕ್ ಕೈಗೆ ಕೊಡಿ.

```r
s <- replicate(10000, shapiro.test(rexp(10))$p.value)
mean(s < 0.05)
```

ಅರ್ಧದಷ್ಟು ಸಲವೂ ಅದು ಹಿಡಿಯುವುದಿಲ್ಲ. ಇಷ್ಟು ಓರೆ ಇದ್ದೂ "ತಕರಾರಿಲ್ಲ" ಅಂತ ಕಳಿಸಿಬಿಡುತ್ತದೆ. ಹತ್ತರ ಜಾಗದಲ್ಲಿ 500 ಹಾಕಿ ನೋಡಿ, ಪ್ರತಿ ಸಲವೂ ಹಿಡಿಯುತ್ತದೆ. ಆದರೆ 500 ಸಂಖ್ಯೆಗಳಿದ್ದಾಗ ಸರಾಸರಿಯ ಓರೆ ಕರಗಿಹೋಗಿ ಟಿ-ಟೆಸ್ಟ್‌ನ ತಪ್ಪು 5ಕ್ಕೆ ತೀರಾ ಹತ್ತಿರ ಬಂದಿರುತ್ತದೆ. ಅಂದ್ರೆ ಎಚ್ಚರಿಕೆ ಬೇಕಾದಾಗ ಗಂಟೆ ಬಾರಿಸುವುದಿಲ್ಲ, ಬೇಡವಾದಾಗ ಜೋರಾಗಿ ಬಾರಿಸುತ್ತದೆ.

ಇದಕ್ಕೆ ಕಾರಣ ಟೆಸ್ಟ್‌ನ ದೋಷ ಅಲ್ಲ. ಯಾವುದೇ ಟೆಸ್ಟ್‌ಗೆ ಸಂಖ್ಯೆಗಳು ಹೆಚ್ಚಾದಷ್ಟೂ ಕಣ್ಣು ಚುರುಕಾಗುತ್ತದೆ. ನಾರ್ಮಲ್ ದತ್ತಾಂಶದಲ್ಲಿ ಓರೆಯ ಅಳತೆ ಬರೀ ಅದೃಷ್ಟದಿಂದ ಎಷ್ಟು ಅತ್ತಿತ್ತ ಆಗುತ್ತದೆ ಅನ್ನುವುದಕ್ಕೆ ಒಂದು ಸರಳ ಅಂದಾಜಿದೆ: 6ನ್ನು ಸಂಖ್ಯೆಗಳ ಎಣಿಕೆಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 20 ಸಂಖ್ಯೆಗಳಿಗೆ ಅದು 0.55, ಹಾಗಾಗಿ ಓರೆ 1 ದಾಟುವವರೆಗೂ ಏನೂ ಹೇಳಲಾಗದು. 5000 ಸಂಖ್ಯೆಗಳಿಗೆ ಅದು 0.035, ಹಾಗಾಗಿ 0.1ರಷ್ಟು ಓರೆಯೂ ಸಿಕ್ಕಿಬೀಳುತ್ತದೆ. ಕಣ್ಣಿಗೆ ಕಾಣದ, ಯಾವ ಲೆಕ್ಕವನ್ನೂ ಕೆಡಿಸದ ಓರೆ ಅದು. ಆರ್‌ನ `shapiro.test` 5000ಕ್ಕಿಂತ ಹೆಚ್ಚು ಸಂಖ್ಯೆಗಳನ್ನು ತೆಗೆದುಕೊಳ್ಳುವುದೇ ಇಲ್ಲ, ಹಾಗಾದಾಗ ಬೇಜಾರು ಮಾಡಿಕೊಳ್ಳಬೇಡಿ.

ಮೂವತ್ತು ಸಂಖ್ಯೆ ಇದ್ದರೆ ಸಾಕು ಅನ್ನುವ ಬಾಯಿಪಾಠವನ್ನೂ ಪೂರ್ತಿ ನಂಬಬೇಡಿ. ಓರೆ ಸಾಧಾರಣ ಇದ್ದರೆ ಮೂವತ್ತು ಸಾಕಾಗಬಹುದು. ಆಸ್ಪತ್ರೆಯ ಬಿಲ್ಲಿನಂಥ ವಿಪರೀತ ಓರೆಗೆ ನೂರೂ ಸಾಲದೆ ಹೋಗಬಹುದು. ಅಂಥ ಕಡೆ ಲಾಗ್ ತೆಗೆದು ಲೆಕ್ಕ ಮಾಡುವುದು ಹೆಚ್ಚಾಗಿ ಸರಿಹೋಗುತ್ತದೆ. ಆಗ ಉತ್ತರ "ಎಷ್ಟು ಹೆಚ್ಚು" ಅನ್ನುವುದರ ಬದಲು "ಎಷ್ಟು ಪಟ್ಟು" ಅಂತ ಬರುತ್ತದೆ ಅನ್ನುವುದು ನೆನಪಿರಲಿ.

ಇನ್ನೊಂದು ಕಡೆ ನಾರ್ಮಾಲಿಟಿ ಎಷ್ಟು ಸಂಖ್ಯೆ ಇದ್ದರೂ ಮುಖ್ಯವಾಗೇ ಉಳಿಯುತ್ತದೆ: ಸರಾಸರಿಯ ಬಗ್ಗೆ ಅಲ್ಲದೆ ಮುಂದಿನ ಒಬ್ಬ ವ್ಯಕ್ತಿಯ ಬಗ್ಗೆ ಹೇಳುವಾಗ. ನಿದ್ದೆಯ ದತ್ತಾಂಶದಿಂದ ಹನ್ನೊಂದನೇ ರೋಗಿಯ ವ್ಯತ್ಯಾಸ ಎಲ್ಲಿ ಬೀಳಬಹುದು ಅಂತ ನಾರ್ಮಲ್ ಸೂತ್ರದಲ್ಲಿ ಲೆಕ್ಕ ಹಾಕಿದರೆ −1.3ರಿಂದ 4.5 ಗಂಟೆ ಬರುತ್ತದೆ. ಹತ್ತು ಜನರಲ್ಲಿ ಒಬ್ಬರೂ ಸೊನ್ನೆಗಿಂತ ಕೆಳಗಿಲ್ಲ, ಒಬ್ಬರು ಆಗಲೇ 4.5ರ ಆಚೆ ಇದ್ದಾರೆ. ಇಲ್ಲಿ ವಿತರಣೆಯ ಆಕಾರವೇ ಉತ್ತರ, ಸರಾಸರಿ ಮಾಡಿ ಅದನ್ನು ಮೃದು ಮಾಡಲು ಬರುವುದಿಲ್ಲ.

ಪ್ರಬಂಧದಲ್ಲಿ ಏನು ಬರೆಯೋದು?

ಒಂದು ಅಭ್ಯಾಸವನ್ನು ಮಾತ್ರ ಬಿಡಿ. ಮೊದಲು ಶಪಿರೋ-ವಿಲ್ಕ್ ಮಾಡಿ, ಪಾಸಾದರೆ ಟಿ-ಟೆಸ್ಟ್, ಫೇಲಾದರೆ ವಿಲ್ಕಾಕ್ಸನ್ ಅಂತ ದಾರಿ ಆರಿಸುವ ಅಭ್ಯಾಸ ಅದು. ಕಡಿಮೆ ಸಂಖ್ಯೆಗಳಲ್ಲಿ ಆ ಬಾಗಿಲು ಕಾಯುವವನ ಕಣ್ಣು ಎಷ್ಟು ಮಂಜು ಅನ್ನುವುದನ್ನು ಆಗಲೇ ನೋಡಿದೆವು. ಜೊತೆಗೆ, ದತ್ತಾಂಶ ನೋಡಿ ಟೆಸ್ಟ್ ಆರಿಸಿದರೆ ಕೊನೆಯಲ್ಲಿ ಬರುವ ಪಿ-ವ್ಯಾಲ್ಯೂ ತಾನು ಹೇಳುವ 5 ಪ್ರತಿಶತಕ್ಕೆ ಬದ್ಧವಾಗಿರುವುದಿಲ್ಲ. ಎರಡೂ ಟೆಸ್ಟ್ ಕೇಳುವ ಪ್ರಶ್ನೆಯೂ ಒಂದೇ ಅಲ್ಲ. ಟಿ-ಟೆಸ್ಟ್ ಸರಾಸರಿಯ ಬಗ್ಗೆ ಕೇಳುತ್ತದೆ, ವಿಲ್ಕಾಕ್ಸನ್ ಶ್ರೇಣಿಗಳನ್ನು ನೋಡುತ್ತದೆ. ಯಾವ ಪ್ರಶ್ನೆ ಬೇಕು ಅನ್ನುವುದನ್ನು ಅಳತೆ ಮಾಡುವ ಮುಂಚೆಯೇ ನಿರ್ಧರಿಸಬೇಕು.

ನಮ್ಮ ಗೆಳತಿ ಆ ಹನ್ನೆರಡನೆಯವರ ಟಿಪ್ಪಣಿ ಪುಸ್ತಕ ತೆಗೆದು ನೋಡಿದಳು. ಗಡಿಯಾರ ಕೆಟ್ಟಿರಲಿಲ್ಲ, ಟೈಪಿಂಗ್ ತಪ್ಪೂ ಇರಲಿಲ್ಲ. ಅವರು ನಿಜಕ್ಕೂ ಅಷ್ಟು ಹೊತ್ತು ತೆಗೆದುಕೊಂಡಿದ್ದರು, ಅಂಥ ಸ್ಕ್ರೀನ್ ಅವರು ಹಿಂದೆ ಬಳಸಿಯೇ ಇರಲಿಲ್ಲ. ಅಳತೆ ತಪ್ಪಾಗಿದ್ದರೆ ತೆಗೆಯಬಹುದಿತ್ತು, ಆದರೆ ಇದು ಸರಿಯಾದ ಅಳತೆ. ಹಾಗಾಗಿ ಅವರು ಪ್ರಬಂಧದಲ್ಲೇ ಉಳಿದರು. ಅವಳು ಹನ್ನೆರಡೂ ಚುಕ್ಕಿಗಳ ಚಿತ್ರ ಹಾಕಿ, ಕ್ಯು-ಕ್ಯು ಪ್ಲಾಟ್‌ನಲ್ಲಿ ಒಬ್ಬರು ದೂರ ನಿಂತಿದ್ದಾರೆ ಅಂತ ಒಂದು ಸಾಲಲ್ಲಿ ಹೇಳಿ, ಮೊದಲೇ ಅಂದುಕೊಂಡಿದ್ದ ಜೋಡಿ ಟಿ-ಟೆಸ್ಟ್ ಕೊಟ್ಟಳು. ಅದರ ಕೆಳಗೆ ಚಿಹ್ನೆ ತಿರುಗಿಸುವ ಲೆಕ್ಕದ ಉತ್ತರ, ಅದರ ಕೆಳಗೆ ಆ ಒಬ್ಬರನ್ನು ಬಿಟ್ಟಾಗಿನ ಉತ್ತರ. ಮೂರೂ ಒಂದೇ ಕಡೆ ತೋರಿಸುತ್ತಿದ್ದವು.

ಮೌಖಿಕ ಪರೀಕ್ಷೆಯಲ್ಲಿ "ನಾರ್ಮಾಲಿಟಿ ನೋಡಿದ್ರಾ?" ಅಂತ ಕೇಳಿಯೇ ಕೇಳಿದರಂತೆ. "ನೋಡಿದೆ, ನಾರ್ಮಲ್ ಅಲ್ಲ. ಅದರಿಂದ ಉತ್ತರ ಎಷ್ಟು ಬದಲಾಗುತ್ತೆ ಅನ್ನೋದು ಈ ಮೂರು ಸಾಲಲ್ಲಿದೆ" ಅಂತ ಅವಳು ಪುಟ ತಿರುಗಿಸಿ ತೋರಿಸಿದಳು. ಮುಂದಿನ ಪ್ರಶ್ನೆ ಆ ಹನ್ನೆರಡನೆಯವರ ಬಗ್ಗೆ ಬಂತು: ಹೊಸಬರಿಗೆ ಈ ಸ್ಕ್ರೀನ್ ಯಾಕೆ ಕಷ್ಟ ಆಯ್ತು? ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಈಗ ಅದರ ಮೇಲೆ ಒಂದೂವರೆ ಪುಟ ಇದೆ.